ಹದಿನಾರು ಗೆರೆ, ಆರು ಗೆರೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಆಗ ನಾಚಿಕೆ ಇತ್ತು, ಅದಕ್ಕೇ ಅದನ್ನು ಶಿಸ್ತು ಎಂದು ಕರೆದುಕೊಳ್ಳುತ್ತಿದ್ದೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಈ ಸುತ್ತಿನ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಅಧ್ಯಾಪಕಿ. ಯಾವ ಊರು ಎಂದು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಒಬ್ಬೊಬ್ಬರಿಗೂ ಹೆಸರು ಹಚ್ಚಿಬಿಡುತ್ತಾರೆ.

ನನ್ನ ಹುಚ್ಚು ಡಯಾಟಮ್‌ಗಳದು. ನದಿಯ ಕಲ್ಲಿನ ಮೇಲೆ ಕಂದು ಲೋಳೆ ಕೂತಿರುತ್ತದಲ್ಲ, ಅದರೊಳಗೆ ಇರುವ ಒಂಟಿಕೋಶದ ಪಾಚಿ. ಒಂದೊಂದಕ್ಕೂ ಗಾಜಿನಂಥ ಚಿಪ್ಪು, ಚಿಪ್ಪಿನ ಮೇಲೆ ಒತ್ತೊತ್ತಾಗಿ ಗೆರೆಗಳು. ಹತ್ತು ಮೈಕ್ರಾನ್ ಉದ್ದದಲ್ಲಿ, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲಿನಲ್ಲಿ, ಎಷ್ಟು ಗೆರೆ ಇವೆ ಎಂದು ಎಣಿಸಿ ಜಾತಿ ಗುರುತಿಸುವುದು ನಮ್ಮ ಪದ್ಧತಿ. ಎಂಟು ವರ್ಷ ನಾನು ಹಡಗಲಿ ಬಸ್ಸು ಹಿಡಿದು ಮಾಗಳಕ್ಕೆ ಹೋಗಿ, ತುಂಗಭದ್ರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲುಗಳನ್ನು ಹಳೇ ಹಲ್ಲಿನ ಬ್ರಷ್ಷಿನಿಂದ ಉಜ್ಜಿ ಆ ಲೋಳೆಯನ್ನು ಸೀಸೆಗೆ ತುಂಬಿಕೊಂಡು ಬರುತ್ತಿದ್ದೆ. ಕಲ್ಲು ತೊಳೆಯುವುದಕ್ಕೂ ಸರಕಾರ ಸಂಬಳ ಕೊಡುತ್ತದೆಯೇ ಎಂದು ಅಲ್ಲಿಯ ಹೆಂಗಸರು ಕೇಳುತ್ತಿದ್ದರು. ಕಾಲೇಜಿಗೆ ತಂದು ಆ್ಯಸಿಡ್‌ನಲ್ಲಿ ಕುದಿಸಿ, ಚಿಪ್ಪನ್ನಷ್ಟೇ ಉಳಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದಕ್ಕೆ ಸಿಕ್ಕಿಸಿದ ಕನ್ನಡಿಯ ಸಹಾಯದಿಂದ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ. ನಲವತ್ತು ಪಟ್ಟಿನ ಮಸೂರದಲ್ಲಿ ನೋಡಿ ನೂರಾರು ಚಿತ್ರ ಬರೆದಿದ್ದೆ. ಅವನ್ನು ಒಂದು ಪುಸ್ತಕ ಮಾಡಿ ಅಚ್ಚಿಗೆ ಕೊಡುವ ಹಂತದಲ್ಲಿದ್ದೆ.

ಆಗ ನನ್ನ ವಿಭಾಗಕ್ಕೆ ನನ್ನದೇ ಹಳೆಯ ವಿದ್ಯಾರ್ಥಿ ಅಧ್ಯಾಪಕನಾಗಿ ಬಂದ. ಮಾಗಳದ ಕಲ್ಲುಗಳನ್ನು ಅವನಿಗೆ ಮೊದಲು ತೋರಿಸಿದವಳು ನಾನೇ. ಎರಡು ವರ್ಷದಲ್ಲಿ ಅವನು ವಿಶ್ವವಿದ್ಯಾಲಯದ ಯಾರನ್ನೋ ಒಲಿಸಿಕೊಂಡು, ಮೂರು ತಿಂಗಳ ಮಟ್ಟಿಗೆ ಒಂದು ಟೀವಿ ಕ್ಯಾಮರಾ ತಂದ. ಫಿಲ್ಮ್ ಇಲ್ಲ. ಫಿಲ್ಮಿನ ಜಾಗದಲ್ಲಿ ಉಗುರಿನಷ್ಟು ಅಗಲದ ಒಂದು ಚಿಪ್, ಅದರ ತುಂಬ ಬೆಳಕು ಹಿಡಿಯುವ ಸಣ್ಣ ಸಣ್ಣ ಕಣಗಳು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವ ಮಸೂರ ತೆಗೆದು ಅಲ್ಲಿ ಕ್ಯಾಮರಾ ಕೂಡಿಸಿದರೆ ಡಯಾಟಮ್ ಬಂದು ಟೀವಿ ಪರದೆಯ ಮೇಲೆ ಮಲಗುತ್ತಿತ್ತು. ಪ್ರಿನ್ಸಿಪಾಲರು ದಿನಕ್ಕೆರಡು ಸಲ ಬಂದು ನೋಡಿ ಹೋಗುವರು. ವಾಣಿಜ್ಯ ವಿಭಾಗದವರೂ ಬಂದರು. ಎಂಟು ವರ್ಷದಲ್ಲಿ ನನ್ನ ಚಿತ್ರಗಳನ್ನು ನೋಡಲು ಅವರಲ್ಲಿ ಒಬ್ಬರೂ ಮೆಟ್ಟಿಲು ಹತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಒಂದು ಮಧ್ಯಾಹ್ನ ಅವನು ಓಡಿ ಬಂದು, ಮಾಗಳದ್ದೇ ಒಂದು ಚಿಪ್ಪಿನಲ್ಲಿ ಹತ್ತು ಮೈಕ್ರಾನಿಗೆ ಬರೀ ಆರೇ ಗೆರೆ ಇವೆ, ಈ ಆಕಾರದ ಚಿಪ್ಪಿಗೆ ಇಷ್ಟು ದೂರದೂರದ ಗೆರೆ ಯಾವ ಪುಸ್ತಕದಲ್ಲೂ ಇಲ್ಲ, ಹೊಸ ಜಾತಿಯೇ ಇರಬೇಕು ಎಂದ. ಹೋಗಿ ನೋಡಿದೆ. ಪರದೆಯ ಮೇಲೆ ದಪ್ಪದಪ್ಪನೆಯ ಆರು ಗೆರೆ, ಎಳೆ ಮಕ್ಕಳೂ ಎಣಿಸಬಹುದು. ಆ ಚಿಪ್ಪು ನನಗೆ ಗೊತ್ತಿತ್ತು, ಹತ್ತಾರು ಸಲ ಬರೆದಿದ್ದೆ. ಅವನು ಊಟಕ್ಕೆ ಹೋದಾಗ ಕ್ಯಾಮರಾ ತೆಗೆದು, ಅದೇ ಗಾಜಿನ ಪಟ್ಟಿ, ಅದೇ ನಲವತ್ತರ ಮಸೂರ, ಕಣ್ಣಿಟ್ಟು ಎಣಿಸಿದೆ. ಹದಿನಾರು.

ನನ್ನ ಕಣ್ಣಿಗೆ ವಯಸ್ಸಾಯಿತೇನೋ ಎಂಬ ಹೆದರಿಕೆಯೇ ಮೊದಲು ಬಂದದ್ದು. ಮತ್ತೆ ಎಣಿಸಿದೆ. ಹದಿನಾರೇ.

ನಮ್ಮಲ್ಲಿ ಭೌತಶಾಸ್ತ್ರದ ಹಿರಿಯ ಮೇಷ್ಟ್ರು ಒಬ್ಬರಿದ್ದರು, ನಿವೃತ್ತಿಗೆ ಹತ್ತಿರ ಬಂದವರು. ಕ್ಯಾಮರಾದ ಜೊತೆ ಬಂದ ಪುಸ್ತಿಕೆಯನ್ನು ಅವರ ಮುಂದೆ ಇಟ್ಟು ಯಾರ ಹೆಸರನ್ನೂ ಎತ್ತದೆ ವಿಷಯ ಹೇಳಿದೆ. ಅವರು ಪುಸ್ತಿಕೆಯನ್ನು ಓದಿ ನಕ್ಕರು. ಚಿಪ್ಪಿನ ಮೇಲಿನ ಒಂದು ಬಿಂದುವನ್ನು ಯಾವ ಮಸೂರವೂ ಬಿಂದುವಾಗಿಯೇ ಮೂಡಿಸುವುದಿಲ್ಲ, ಬೆಳಕು ಮಸೂರದ ಬಾಯಿಯಲ್ಲಿ ಹಾಯುವಾಗ ಬಾಗಿ ಅದೊಂದು ಸಣ್ಣ ಚುಕ್ಕೆಯಾಗಿ ಹರಡುತ್ತದೆ ಎಂದು ವಿವರಿಸಿದರು. ನಮ್ಮ ನಲವತ್ತರ ಮಸೂರದಲ್ಲಿ ಆ ಚುಕ್ಕೆ, ನಡುವಿನಿಂದ ಅಂಚಿನ ಕತ್ತಲೆಯವರೆಗೆ, ಕ್ಯಾಮರಾದ ಮೇಲೆ ಸುಮಾರು ಇಪ್ಪತ್ತು ಮೈಕ್ರಾನ್. ಅದನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಅರ್ಧದಷ್ಟು, ಹತ್ತು ಮೈಕ್ರಾನಿನ ಕಣಗಳು ಬೇಕು. ನಮ್ಮ ಚಿಪ್ ಒಂಬತ್ತು ಮಿಲಿಮೀಟರಿಗೆ ತುಸು ಕಡಿಮೆ ಅಗಲ, ಅದರಲ್ಲಿ ಸಾಲಿಗೆ ಐನೂರಕ್ಕೆ ತುಸು ಕಡಿಮೆ ಕಣ. ಒಂದೊಂದೂ ಹದಿನೆಂಟು ಮೈಕ್ರಾನ್.

"ನೋಡವ್ವ, ಒಂದು ಗೆರಿ, ಒಂದು ಸಂದು, ಇವೆರಡಕ್ಕ ಕಮ್ಮಿ ಅಂದ್ರೂ ಎರಡು ಕಣ ಬೇಕು. ಇಲ್ಲಿ ಒಂದೂವರಿನೂ ಸಿಗವಲ್ದು. ಮಸೂರ ಕೊಟ್ಟಿದ್ದನ್ನ ಈ ಚಿಪ್ ಹಿಡಿಯಂಗಿಲ್ಲ. ಹಿಡಿಲಿಲ್ಲ ಅಂತ ಸುಮ್ನನೂ ಕುಂದ್ರಂಗಿಲ್ಲ, ಇಲ್ಲದ ಗೆರಿ ಹುಟ್ಟಿಸ್ತತಿ. ಟೀವಿ ದೊಡ್ಡದಾದ್ರ ವಿವರ ಹೆಚ್ಚಾಗಂಗಿಲ್ಲ."

ಅಂದು ಸಂಜೆ ಮನೆಯಲ್ಲಿ ಗ್ರಾಫ್ ಹಾಳೆಗಳನ್ನು ಅಂಟಿಸಿ, ಮೈಕ್ರಾನಿಗೆ ಒಂದು ಮಿಲಿಮೀಟರ್ ಲೆಕ್ಕ ಹಿಡಿದು ಕೂತೆ. ಡಯಾಟಮ್ಮಿನ ಹತ್ತು ಮೈಕ್ರಾನ್ ನಲವತ್ತರ ಮಸೂರದಿಂದ ಕ್ಯಾಮರಾದ ಮೇಲೆ ನಾನೂರು ಮೈಕ್ರಾನ್ ಆಗುತ್ತದೆ. ನಿಜವಾದ ಗೆರೆಗಳು ಇಪ್ಪತ್ತೈದು ಮಿಲಿಮೀಟರಿಗೊಂದು. ಅವುಗಳ ಮೇಲೆ ಕಣಕ್ಕೊಂದರಂತೆ ಹದಿನೆಂಟರ ಮನೆಗಳು. ಯಾವ ಮನೆಯೊಳಗೆ ಎಷ್ಟು ಕಪ್ಪು ಬಿದ್ದಿದೆಯೋ ಅಷ್ಟು ಪೆನ್ಸಿಲ್ ತಿಕ್ಕಿದೆ. ದೂರ ಇಟ್ಟು ನೋಡಿದರೆ ನಾನೂರು ಮಿಲಿಮೀಟರ್ ಹಾಳೆಯಲ್ಲಿ ನಾನು ಎಳೆದ ಹದಿನಾರು ಗೆರೆ ಮಾಯವಾಗಿ, ನಾನು ಎಳೆಯದ ಆರು ಅಗಲವಾದ ಪಟ್ಟೆಗಳು ಮೂಡಿದ್ದವು.

ನನಗಾದ ಖುಷಿಯನ್ನು ಬರೆಯಲು ನಾಚಿಕೆಯಾಗುತ್ತದೆ. ಮೇಷ್ಟ್ರು ಮರುದಿನ ವರಾಂಡದಲ್ಲಿ ಸಿಕ್ಕು, ಆ ಹುಡುಗನಿಗೆ ಹೇಳಿದೆಯಾ ಎಂದು ಕೇಳಿದರು. ನಾನು ಯಾರ ವಿಷಯ ಮಾತಾಡಿದ್ದೆ ಎಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ. ಹೇಳ್ತೀನ್ರಿ ಎಂದೆ. ಹೇಳಲಿಲ್ಲ. ಅವನು ಹೊಸ ಜಾತಿಗೆ ಮಾಗಳದ ಹೆಸರಿಡುವ ಯೋಚನೆಯಲ್ಲಿದ್ದ. ನನ್ನ ನದಿ, ನನ್ನ ಕಲ್ಲು, ನನ್ನ ಚಿಪ್ಪು, ಹೆಸರು ಮಾತ್ರ ಅವನು ಇಡುವುದು. ಹತ್ತು ದಿನ ಅವನ ಎದುರಿನ ಮೇಜಿನಲ್ಲೇ ಕೂತು, ಅವನು ಲೇಖನವನ್ನು ಟೈಪ್ ಮಾಡಿಸಿ ತಂದದ್ದನ್ನು ಓದಿ, ಕಾಗುಣಿತ ತಿದ್ದುವವಳಂತೆ ಕಾಗದ ಮಗುಚಿ, ಚೆನ್ನಾಗಿದೆ ಎಂದು ವಾಪಸು ಕೊಟ್ಟೆ.

ಹನ್ನೊಂದನೆಯ ದಿನ ಬೆಳಿಗ್ಗೆ ಪ್ರಿನ್ಸಿಪಾಲರು ಪ್ರದರ್ಶನ ಇಟ್ಟುಕೊಂಡಿದ್ದರು. ಹಡಗಲಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಅಧ್ಯಾಪಕರು ಬಂದಿದ್ದರು. ವಿಶ್ವವಿದ್ಯಾಲಯದಿಂದ ಒಬ್ಬ ಹಿರಿಯರು ಬಂದಿದ್ದರು. ಅವನು ಆರು ಗೆರೆ ತೋರಿಸಿ ಮಾತು ಮುಗಿಸಿದ. ಚಪ್ಪಾಳೆ ನಿಂತ ಮೇಲೆ ನಾನು ಎದ್ದು, ಕ್ಯಾಮರಾದ ತಿರುಪನ್ನು ಸ್ವಲ್ಪ ಸಡಿಲಿಸಬಹುದೇ ಎಂದು ಕೇಳಿದೆ. ಅವನು ನಗುತ್ತಲೇ ಜಾಗ ಬಿಟ್ಟ. ಕ್ಯಾಮರಾವನ್ನು ಮೆಲ್ಲಗೆ ತಿರುಗಿಸಿದೆ. ಪರದೆಯ ಮೇಲೆ ಚಿಪ್ಪು ಬಲಕ್ಕೆ ವಾಲಿತು. ಅದರ ಮೈಮೇಲಿನ ಗೆರೆಗಳು ಎಡಕ್ಕೆ ವಾಲಿದವು. ಇನ್ನಷ್ಟು ತಿರುಗಿಸಿದರೆ ಗೆರೆಗಳು ಒತ್ತೊತ್ತಾದವು. ಚಿಪ್ಪಿಗೆ ಸೇರಿದ ಗೆರೆಯಾದರೆ ಚಿಪ್ಪಿನ ಜೊತೆ ತಿರುಗಬೇಕಲ್ಲವೇ ಎಂದು ನಾನು ಬಹಳ ವಿನಯದಿಂದ ಕೇಳಿದೆ. ಆಮೇಲೆ ಕೈಚೀಲದಿಂದ ಗ್ರಾಫ್ ಹಾಳೆಯನ್ನು ತೆಗೆದು ಬಿಡಿಸಿದೆ.

ಯಾರೂ ನಗಲಿಲ್ಲ. ನಕ್ಕಿದ್ದರೂ ಚೆನ್ನಾಗಿತ್ತು. ಬಂದಿದ್ದ ಹಿರಿಯರು ಹಾಳೆ ನೋಡಿ, ಹೆಚ್ಚಿನ ಪಟ್ಟಿನ ಮಸೂರದಲ್ಲಿ ನೋಡಿಬಿಡಿ ಎಂದಷ್ಟೇ ಹೇಳಿ ಚಹಾಕ್ಕೆ ಎದ್ದರು. ಎಲ್ಲರೂ ಹಿಂದೆಯೇ ಹೋದರು.

ನೂರು ಪಟ್ಟಿನ ಎಣ್ಣೆಮಸೂರ ನಮ್ಮ ವಿಭಾಗದಲ್ಲಿ ಒಂದೇ ಒಂದು ಇತ್ತು. ತುದಿ ಗೀಚಿದರೆ ಇನ್ನೊಂದು ಬರುವುದಿಲ್ಲ ಎಂದು ನಾನೇ ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಪರೀಕ್ಷಕರು ಬಂದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಎಲ್ಲರೂ ನಲವತ್ತರಲ್ಲೇ ಬರೆಯಬೇಕು, ಅದು ನಾನು ಮಾಡಿದ ನಿಯಮ. ಕ್ಯಾಮರಾ ಬಂದಾಗಲೂ ಅವನು ಬೀಗದ ಕೈ ಕೇಳಿರಲಿಲ್ಲ. ಈಗ ಬಂದು ಕೇಳಿದ. ಕೊಟ್ಟೆ.

"ಮೇಡಂ, ನಿಮಗ ಇದು ಯಾವಾಗ ಗೊತ್ತಾತ್ರಿ?"

ಹತ್ತು ದಿನವಾಯಿತು ಎಂದೆ. ಸುಳ್ಳು ಹೇಳಬಹುದಿತ್ತು, ಆದರೆ ಗೆದ್ದ ಸೊಕ್ಕಿನಲ್ಲಿ ಅದೂ ಹೊಳೆಯಲಿಲ್ಲ. ಅವನು ತಲೆಯಾಡಿಸಿ ಬೀಗದ ಕೈ ತೆಗೆದುಕೊಂಡು ಹೋದ.

ಸಂಜೆ ಎಲ್ಲರೂ ಬಸ್ಸು ಹತ್ತಿದ ಮೇಲೆ ನಾನು ವಿಭಾಗಕ್ಕೆ ಹೋದೆ, ಸೋತವನ ಮುಖ ನೋಡಲೆಂದೇ. ಅವನು ಒಬ್ಬನೇ ಕೂತಿದ್ದ. ಎಣ್ಣೆಮಸೂರ ಹಾಕಿದ್ದ. ಆ ಮಸೂರದಲ್ಲಿ ಗೆರೆಯಿಂದ ಗೆರೆಗೆ ಕ್ಯಾಮರಾದ ಮೇಲೆ ಅರವತ್ತು ಮೈಕ್ರಾನಿನ ಮೇಲಾಗುತ್ತದೆ, ಮೂರು ಕಣಕ್ಕೂ ಹೆಚ್ಚು. ಪರದೆಯ ಮೇಲೆ ಅವು ಸ್ಪಷ್ಟವಾಗಿ ಕಂಡವು. ಎಣಿಸಿದೆ, ಹದಿನಾರು. ನಾನು ಗೆದ್ದಿದ್ದೆ.

ಹೊರಡುವಷ್ಟರಲ್ಲಿ ಅವನು ಎದ್ದು ಬಾಗಿಲು ಮುಂದೆ ಮಾಡಿ ಬಂದು, ಪರದೆಯ ಹತ್ತಿರ ಬಂದು ನೋಡಿರಿ ಎಂದ. ನೋಡಿದೆ. ಗೆರೆಗಳು ಗೆರೆಗಳಾಗಿರಲಿಲ್ಲ. ಒಂದೊಂದು ಗೆರೆಯೂ ಸಣ್ಣ ಸಣ್ಣ ಚುಕ್ಕೆಗಳ ಸಾಲು. ಚುಕ್ಕೆಯಿಂದ ಚುಕ್ಕೆಗೆ ಅರ್ಧ ಮೈಕ್ರಾನಿಗಿಂತಲೂ ಕಡಿಮೆ. ನಲವತ್ತರ ಮಸೂರ ಅಷ್ಟು ಹತ್ತಿರದ ಚುಕ್ಕೆಗಳನ್ನು ಬಿಡಿಸಲಾರದು, ಒಂದರ ಬೆಳಕು ಇನ್ನೊಂದರೊಳಗೆ ಹರಡಿ ಗೆರೆಯಾಗಿಬಿಡುತ್ತದೆ. ಕಣ್ಣು ಎಷ್ಟೇ ಚುರುಕಿದ್ದರೂ ಅಷ್ಟೇ. ಎಂಟು ವರ್ಷ ನಾನು ಆ ಚಿಪ್ಪಿಗೆ ಗಟ್ಟಿ ಗೆರೆಗಳನ್ನು ಬರೆದಿದ್ದೆ. ಎಣ್ಣೆಮಸೂರಕ್ಕೆ ಬೀಗ ಹಾಕಿದವಳೂ ನಾನೇ.

ಇದನ್ನು ಯಾವಾಗ ನೋಡಿದೆ ಎಂದು ಕೇಳಿದೆ. ಚಹಾದ ಹೊತ್ತಿನಲ್ಲಿ, ಆ ಹಿರಿಯರು ಇನ್ನೂ ವರಾಂಡದಲ್ಲೇ ಇದ್ದಾಗ ಎಂದ. ಕರೆದು ತೋರಿಸಬಹುದಿತ್ತಲ್ಲ ಎಂದೆ.

"ನಿಮ್ಮ ಪುಸ್ತಕ ಇನ್ನಾ ಅಚ್ಚಿಗೆ ಹೋಗಿಲ್ಲಲ್ರಿ ಮೇಡಂ," ಎಂದ ಅವನು. "ಮೊದ್ಲು ನಿಮಗ ಹೇಳಬೇಕನ್ನಿಸ್ತು."

ಕ್ಯಾಮರಾ ಮುಂದಿನ ತಿಂಗಳು ವಾಪಸು ಹೋಯಿತು. ನಾನು ಚಿತ್ರಗಳನ್ನೆಲ್ಲ ಎಣ್ಣೆಮಸೂರದಲ್ಲಿ ಮತ್ತೆ ಬರೆಯಲು ಮೂರು ವರ್ಷ ತೆಗೆದುಕೊಂಡೆ. ಅವನಲ್ಲಿ ಕ್ಯಾಮರಾ ಇದೆ ಎಂದು ನನಗೆ ಹೊಟ್ಟೆ ಉರಿದದ್ದು ಮೂರು ತಿಂಗಳು. ಆ ಸಂಜೆ ಬಾಗಿಲು ಮುಂದೆ ಮಾಡಿ ನನ್ನೊಬ್ಬಳಿಗೇ ತೋರಿಸುವ ಮನಸ್ಸು ಅವನಿಗೆ ಬಂತಲ್ಲ, ಅದಕ್ಕೆ ಇವತ್ತಿಗೂ ಉರಿಯುತ್ತದೆ.