ನಲವತ್ತು ಚೀಲ

"ಇದನ್ನ ನೀನು ಮನೇಲಿ ಕೂತ್ಕೊಂಡು ಬರ್ದಿದೀಯ."

ಮೇಡಂ ನನ್ನ ಇಪ್ಪತ್ತೆರಡು ಫಾರಂಗಳನ್ನು ಮೇಜಿನ ಮೇಲೆ ಎಸೆದರು. ದುರ್ಗಿಗುಡಿಯಲ್ಲಿ ಒಂದು ಹಳೇ ಮನೆಯ ಮಹಡಿ ಮೇಲೆ ನಮ್ಮ ಆಫೀಸು ಇತ್ತು. ಭದ್ರಾ ನಾಲೆ ಕಡೆಯ ರೈತರು ಭತ್ತಕ್ಕೆ ಎಷ್ಟು ಗೊಬ್ಬರ ಹಾಕುತ್ತಾರೆ, ಎಷ್ಟು ಬೆಳೆಯುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುವುದು ನನ್ನ ಕೆಲಸ. ಅದಕ್ಕೆ ಮೊದಲು ಮಾಚೇನಹಳ್ಳಿಯಲ್ಲಿ ಲೇತ್ ಮಿಷನ್ನಿನ ಮುಂದೆ ನಿಂತಿದ್ದೆ. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಪೆನ್ನು ಹಿಡಿಯುವ ಕೆಲಸ ಸಿಕ್ಕಿದ್ದೇ ಹೆಚ್ಚು. ಅದೂ ಆವತ್ತು ಹೋಗುವುದರಲ್ಲಿತ್ತು.

"ಇಲ್ಲ ಮೇಡಂ. ಎಲ್ಲಾ ಮನೆಗೂ ಹೋಗಿದೀನಿ."

"ಹೋಗಿದ್ರೆ ಹಿಂಗೆ ಬರುತ್ತಾ? ನೋಡು. ನಲವತ್ತು ಚೀಲ, ಮೂವತ್ತು ಚೀಲ, ಐವತ್ತು ಚೀಲ. ಒಬ್ಬನಾದ್ರೂ ಮೂವತ್ತೇಳು ಅಂದಿಲ್ವಾ?"

"ಅವ್ರು ಹೇಳಿದ್ದನ್ನೇ ಬರ್ದಿದೀನಿ."

"ಸರಿ. ನಾಳೆ ನನ್ನ ಜೊತೆ ಬಾ. ಒಂದು ಮನೆ ನಾನೇ ಆರಿಸ್ತೀನಿ. ಅಲ್ಲಿ ಇದು ತಾಳೆ ಆಗ್ದಿದ್ರೆ ನೀನು ಮತ್ತೆ ಇಲ್ಲಿಗೆ ಬರೋದು ಬೇಡ."

ಅವರು ಕಣ್ಣು ಮುಚ್ಚಿ ಒಂದು ಫಾರಂ ಎಳೆದರು. ಹೊಳೆಹೊನ್ನೂರಿನ ಆಚೆ ಇರುವ ಒಂದು ಮನೆ. ನನಗೆ ನೆನಪಿತ್ತು. ಹಿಂದಿನ ಮಳೆಗಾಲದಲ್ಲಿ ಆ ಮನೆಯ ಯಜಮಾನ ತೀರಿಕೊಂಡಿದ್ದ. ನಾನು ಹೋದಾಗ ಅವನ ತಮ್ಮ ಜಗಲಿಯಲ್ಲೇ ನಿಂತು ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದ್ದ. ಒಂದೂವರೆ ಎಕರೆ. ನಲವತ್ತು ಚೀಲ ಭತ್ತ. ನಾಲ್ಕು ಚೀಲ ಯೂರಿಯಾ. ನನಗೂ ಬೇಗ ಮುಗಿದಿದ್ದು ಒಳ್ಳೆಯದೇ ಆಗಿತ್ತು.

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಹೊರಟೆವು. ಮೇಡಂ ತೊಡೆಯ ಮೇಲೆ ಒಂದು ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡಿದ್ದರು.

ಯಜಮಾನನ ತಮ್ಮನೇ ಮನೆಯಲ್ಲಿದ್ದ. ನನ್ನನ್ನು ನೋಡಿ ನಕ್ಕ.

"ಏನ್ ಮಾರಾಯ, ಮತ್ತೆ ಬಂದೆ? ಆವತ್ತು ಬರ್ಕೊಂಡಿದ್ದು ಕಳ್ಕೊಂಡ್ಯಾ?"

ನನಗೆ ಜೀವ ಬಂತು. ನಾನು ಬಂದಿದ್ದೆ ಎನ್ನುವುದಾದರೂ ಸಾಬೀತಾಯಿತು. ಆದರೆ ಮೇಡಂ ಅಷ್ಟಕ್ಕೆ ಬಿಡಲಿಲ್ಲ.

"ಎಷ್ಟು ಚೀಲ ಆಯ್ತು?" ಎಂದು ಅವರು ಕೇಳಲಿಲ್ಲ. "ಕಣದಿಂದ ಮನೆಗೆ ಹೆಂಗೆ ತಂದ್ರಿ?" ಎಂದು ಕೇಳಿದರು.

"ಟ್ರಾಕ್ಟರ್‌ನಾಗೆ. ಎರಡು ಲೋಡು."

"ಒಂದೊಂದು ಲೋಡಿಗೆ ಎಷ್ಟು ಚೀಲ?"

"ಮೊದಲ್ನೇದು ಇಪ್ಪತ್ತು. ಎರಡನೇದು..." ಅವನು ತಲೆ ಕೆರೆದುಕೊಂಡ. "ಎರಡನೇದು ತುಂಬಿರ್ಲಿಲ್ಲ. ಒಂದು ಹದಿನಾರೋ ಹದಿನೇಳೋ."

ನನ್ನ ಮುಖ ಬಿಸಿಯಾಯಿತು. ನಲವತ್ತು ಅಲ್ಲೇ ಸತ್ತಿತ್ತು. "ಆವತ್ತು ನಲವತ್ತು ಅಂದಿದ್ರಲ್ಲ!" ಎಂದೆ.

"ಒಂದು ಅಂದಾಜು ಹೇಳಿದೆ ಮಾರಾಯ. ನೀನು ಬಸ್ಸಿಗೆ ಹೋಗ್ಬೇಕು ಅಂತ ಒದ್ದಾಡ್ತಿದ್ದಲ್ಲ."

ಮೇಡಂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಕೊಯ್ಲಿಗೆ ಬಂದ ಆಳುಗಳಿಗೆ ದುಡ್ಡು ಕೊಟ್ರಾ, ಭತ್ತ ಕೊಟ್ರಾ?"

"ಭತ್ತಾನೇ. ಕಣದಾಗೇ ಅಳೆದು ಕೊಡೋದು ನಮ್ಮಲ್ಲಿ."

"ಅದು ಎಷ್ಟಾಯ್ತು?"

"ಅದೆಲ್ಲಿ ಲೆಕ್ಕ ಮೇಡಂ? ಅದು ನಮ್ದಲ್ಲವಲ್ಲ. ಮನೆಗೆ ಬಂದಿದ್ದು ತಾನೇ ಬೆಳೆ?"

"ಮೂವತ್ತಾರು ಕೊಳಗ."

ಈ ಮಾತು ಒಳಗಿನಿಂದ ಬಂತು. ಸತ್ತವನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಮೊದಲ ಸಲ ಬಂದಾಗ ಅವಳನ್ನು ನೋಡಿದ್ದೆ. ನೀರು ತಂದುಕೊಟ್ಟಿದ್ದಳು. ಅವಳನ್ನೂ ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

"ನಿಂಗೇನ್ ಗೊತ್ತು ಅತ್ತಿಗೆ, ಸುಮ್ನಿರು," ಎಂದ ಮೈದುನ.

"ಅಳೆದೋಳು ನಾನು. ನೀನು ಟ್ರಾಕ್ಟರ್ ಮೇಲೆ ಬೀಡಿ ಸೇದ್ತಾ ಕೂತಿದ್ದೆ. ಹನ್ನೆರಡು ಆಳು, ತಲೆಗೆ ಮೂರು ಕೊಳಗ. ಗೋಡೆ ಮೇಲೆ ಗೀಟು ಹಾಕಿದೀನಿ, ಬೇಕಾದ್ರೆ ನೋಡು."

ಮೇಡಂ ಒಳಗೆ ಹೋಗಿ ಗೋಡೆ ನೋಡಿದರು. ಇದ್ದಿಲಿನ ಗೀಟುಗಳಿದ್ದವು. ಆಮೇಲೆ ಭತ್ತ ಅಳೆಯುವ ಆ ಮನೆಯ ಕೊಳಗವನ್ನೇ ತರಿಸಿದರು. ನಮ್ಮ ಫಾರಂನಲ್ಲಿ ಕೊಳಗಕ್ಕೆ ಇಷ್ಟು ಕೆಜಿ ಎಂದು ಅಚ್ಚಾಗಿತ್ತು. ಆದರೆ ಒಂದೊಂದು ಊರಿನ ಕೊಳಗ ಒಂದೊಂದು ಗಾತ್ರ, ಕೆಲವರು ಕೈಯಲ್ಲಿ ಸವರಿ ಸಮ ಮಾಡಿ ಅಳೆಯುತ್ತಾರೆ, ಕೆಲವರು ಗೋಪುರ ಮಾಡಿ ಅಳೆಯುತ್ತಾರೆ. "ಆಳಿಗೆ ಅಳೆದ ಹಾಗೇ ಅಳೀರಿ," ಎಂದರು ಮೇಡಂ. ಅವಳು ಗೋಪುರ ಮಾಡಿ ಸುರಿದಳು. ತೂಗಿದರೆ ಅಚ್ಚಾಗಿದ್ದಕ್ಕಿಂತ ಒಂದು ಕೆಜಿ ಹೆಚ್ಚು. ಮೂಲೆಯಲ್ಲಿ ಬೀಜಕ್ಕೆ ಇಟ್ಟಿದ್ದ ಒಂದು ಚೀಲವನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ನಾನೂ ಮೈದುನನೂ ಬಿದಿರು ಗಳಕ್ಕೆ ತೂಗುಹಾಕಿ ಎತ್ತಿದೆವು. ನಮ್ಮ ಫಾರಂ ಪ್ರಕಾರ ಒಂದು ಚೀಲ ಎಂದರೆ ಎಪ್ಪತ್ತೈದು ಕೆಜಿ. ಅದು ಅರವತ್ತೊಂದು ತೂಗಿತು.

ನಾನು ಬರೆದದ್ದರಲ್ಲಿ ಇನ್ನು ಉಳಿದದ್ದು ಒಂದೂವರೆ ಎಕರೆ, ನಾಲ್ಕು ಚೀಲ ಯೂರಿಯಾ ಮಾತ್ರ.

"ಯೂರಿಯಾ ನಾಲ್ಕು ಚೀಲ," ಎಂದು ಮೈದುನ ತಾನಾಗಿಯೇ ಹೇಳಿದ. "ಅದ್ರಲ್ಲಿ ಅನುಮಾನ ಇಲ್ಲ. ಸೊಸೈಟಿ ಚೀಟಿ ಐತೆ."

"ತಂದಿದ್ದು ನಾಲ್ಕು," ಎಂದಳು ಅವಳು. "ಹಾಕಿದ್ದು ಮೂರು."

ಯಾವಾಗ ಯಾವಾಗ ಹಾಕಿದ್ದು ಎಂದು ಮೇಡಂ ಕೇಳಿದರು. ಅವಳು ತಿಂಗಳು ಹೇಳಲಿಲ್ಲ, ತಾರೀಕು ಹೇಳಲಿಲ್ಲ.

"ನಾಲೆಗೆ ನೀರು ಬಿಟ್ಟು ನಾಟಿ ಆದ್ಮೇಲೆ ಒಂದ್ಸಲ, ಒಂದೂವರೆ ಚೀಲ. ಆಗ ಅವ್ರೇ ಚೆಲ್ಲಿದ್ರು. ಕಳೆ ತೆಗೆದ್ಮೇಲೆ ಇನ್ನೊಂದ್ಸಲ, ಒಂದೂವರೆ. ಅದನ್ನೂ ಅವ್ರೇ. ಮೂರನೇದಕ್ಕೆ ಅಂತ ಸೈಕಲ್ ಮೇಲೆ ಒಂದು ಚೀಲ ತಂದು ಇಳಿಸಿದ್ರು. ಆವತ್ತೇ ಮಧ್ಯಾಹ್ನ ಎದೆನೋವು ಅಂದ್ರು. ಭದ್ರಾವತಿ ಆಸ್ಪತ್ರೆಗೆ ಹೋಗೋದ್ರೊಳಗೆ ಮುಗೀತು. ಆಮೇಲೆ ಗೊಬ್ಬರ ಯಾರು ಹಾಕ್ತಾರೆ? ತೆನೆ ಬಂದೇಬಿಡ್ತು."

ಹೇಳುವಾಗ ಅವಳು ಅಳಲಿಲ್ಲ. ಮೈದುನ ಎದ್ದು ಹೊರಗೆ ಹೋದ. ಆ ಯೂರಿಯಾ ಚೀಲ ಒಳಗಿನ ಮೂಲೆಯಲ್ಲೇ ಇತ್ತು. ನಾನು ಮುಟ್ಟಿ ನೋಡಿದೆ. ಬಾಯಿ ಬಿಚ್ಚಿರಲಿಲ್ಲ, ಒಳಗೆ ಕಲ್ಲಾಗಿತ್ತು.

"ಒಡೆದು ಪುಡಿ ಮಾಡಿದ್ರೆ ಇನ್ನೂ ಹಾಕ್ಬಹುದಮ್ಮ, ಕೆಟ್ಟಿರಲ್ಲ," ಎಂದರು ಮೇಡಂ.

"ಗೊತ್ತು ಮೇಡಮ್ಮೋರೆ. ಇರ್ಲಿ ಬಿಡಿ."

ಮೇಡಂ ಫಾರಂನಲ್ಲಿ ನಾಲ್ಕನ್ನು ಹೊಡೆದು ಮೂರು ಎಂದು ಬರೆದರು. ಆಮೇಲೆ ಸೆಗಣಿ ಗೊಬ್ಬರ ಎಷ್ಟು ಗಾಡಿ ಹೊಡೆಸಿದ್ದು ಎಂದು ಕೇಳಿದರು.

"ಅದು ಗೊತ್ತಿಲ್ಲ. ಅವ್ರೇ ಹೊಡೆಸಿದ್ದು."

ನಾನು ಪಕ್ಕದಿಂದ, "ಒಂದು ಹತ್ತು ಗಾಡಿ ಇರ್ಬಹುದಾ?" ಎಂದೆ. ಹಾಗೆ ಕೇಳಿಯೇ ನನಗೆ ಅಭ್ಯಾಸ. ಹತ್ತು ಎಂದರೆ ಜನ ಹೂಂ ಎನ್ನುತ್ತಾರೆ, ಖಾನೆ ತುಂಬುತ್ತದೆ.

ಅವಳು ನನ್ನನ್ನೇ ನೋಡಿದಳು. "ಗೊತ್ತಿಲ್ಲ ಅಂದ್ನಲ್ಲ ತಮ್ಮಾ. ಸತ್ತೋರ ಲೆಕ್ಕ ನೀನ್ಯಾಕೆ ಹೇಳ್ತೀಯ?"

ಮೇಡಂ ಆ ಖಾನೆಯಲ್ಲಿ 'ಗೊತ್ತಿಲ್ಲ' ಎಂದು ಅಕ್ಷರದಲ್ಲಿ ಬರೆದರು.

ಬಸ್ ಸ್ಟಾಪಿನಲ್ಲಿ ನಾನೇ ಕೇಳಿದೆ. "ನನ್ನ ಕೆಲ್ಸ ಹೋಯ್ತಾ ಮೇಡಂ?"

"ನೀನು ಸುಳ್ಳು ಬರ್ದಿಲ್ಲ. ಆದ್ರೆ ಇಪ್ಪತ್ತೆರಡರಲ್ಲಿ ಒಂದೂ ನಡೆಯಲ್ಲ. ಎಷ್ಟು ಮನೇಲಿ ಹತ್ತಾ, ಇಪ್ಪತ್ತಾ ಅಂತ ನೀನೇ ಬಾಯಿಗೆ ಹಾಕಿದೀಯ?"

"ಬಾಳ ಮನೇಲಿ," ಎಂದೆ. ಅಲ್ಲಿ ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಅವರು ತಕ್ಕಡಿಯನ್ನು ನನ್ನ ಕೈಗೆ ಕೊಟ್ಟರು. "ಹಂಗಾದ್ರೆ ಎಲ್ಲಾ ಮನೆಗೂ ಮತ್ತೆ ಹೋಗು. ಅಳೆದೋರನ್ನ ಕೇಳು. ಅವ್ರ ಕೊಳಗಾನೇ ತೂಗು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಾನೇ ಬರಿ."

ಹೋದೆ. ಹತ್ತು ನಿಮಿಷದ ಮನೆಗೆ ಅರ್ಧ ದಿನ ಹಿಡಿಯಿತು. ಕೆಲವರು ಬೈದರು, ಒಬ್ಬ ನಾಯಿ ಬಿಟ್ಟ. ಇಪ್ಪತ್ತೆರಡೂ ಮುಗಿಸಿದೆ. ಎಷ್ಟೋ ಖಾನೆಗಳಲ್ಲಿ 'ಗೊತ್ತಿಲ್ಲ' ಎಂದೇ ಬರೆದೆ, ಕೆಲಸ ಉಳಿಯಿತು.