ಹತ್ತು ನಿಮಿಷದ ಟೀಚರು

ಏನು ಮಾಡಿಕೊಂಡಿದ್ದೀರಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಬಿ.ಎಡ್. ಎನ್ನುತ್ತೇನೆ. ಅವರು ಕೇಳಿದ್ದು ಅದನ್ನಲ್ಲ ಎಂದು ನನಗೂ ಗೊತ್ತು. ಆದರೂ ಹೇಳಿಬಿಡುತ್ತೇನೆ. ಮದುವೆಯಾಗಿ ಗದಗಿನಿಂದ ನಾಗಪುರಕ್ಕೆ ಬಂದ ಮೇಲೆ ಆ ಪದವಿ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿಬಿಟ್ಟಿತ್ತು. ಅದಕ್ಕೆ ಸ್ವಲ್ಪ ಗಾಳಿ ಆಡಲಿ ಎಂದು ನಮ್ಮ ಕನ್ನಡ ಸಂಘದವರು ಭಾನುವಾರದ ಮಕ್ಕಳ ತರಗತಿಯನ್ನು ನನಗೆ ವಹಿಸಿದರು. ನಾನೇ ಕೇಳಿ ಪಡೆದೆ ಎಂದು ನಮ್ಮವರು ಹೇಳುತ್ತಾರೆ. ಬ್ಯಾಂಕಿನವರಿಗೆ ಎಲ್ಲವೂ ಅರ್ಜಿಯ ಹಾಗೆಯೇ ಕಾಣುತ್ತದೆ.

ಮಕ್ಕಳೆಲ್ಲ ಬ್ಯಾಂಕು, ರೈಲ್ವೆ, ಏರ್‌ಫೋರ್ಸಿನವರ ಮಕ್ಕಳು. ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಬೀದಿಯಲ್ಲಿ ಹಿಂದಿಯಲ್ಲಿ ಜಗಳವಾಡುತ್ತಿದ್ದರು, ಸ್ಕೂಲಿನಲ್ಲಿ ಮರಾಠಿ ಬರೆಯುತ್ತಿದ್ದರು. ಕನ್ನಡದ ಅಕ್ಷರ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ದಾರಿ, ಕಾಗುಣಿತ. ಕ ಕಾ ಕಿ ಕೀ ಎಂದು ರಾಗ ಹಾಕಿ ಹಾಡಿಸಿದೆ. ಆರು ವರ್ಷದ ನನ್ನ ಮಗಳು ವಸುಧಾ ಒಂದೇ ಉಸಿರಿನಲ್ಲಿ ಕ ದಿಂದ ಕಃ ತನಕ ಹೋಗಿ ಬರುತ್ತಿದ್ದಳು. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲೇ ನಾನು ಅವಳಿಂದ ಹಾಡಿಸುತ್ತಿದ್ದೆ. ಕೆಲವರು ಆಮೇಲೆ ಚಹಾಕ್ಕೂ ಬರುವುದನ್ನು ಬಿಟ್ಟರು.

ನನ್ನ ಕೀರ್ತಿಗೆ ಕುತ್ತು ಬಂದದ್ದು ರಾಜ್ಯೋತ್ಸವದ ದಿನ. ವೇದಿಕೆಯ ಮೇಲೆ ಮಕ್ಕಳು ಕಾಗುಣಿತ ಹಾಡಿದರು, ಜನ ಚಪ್ಪಾಳೆ ಹೊಡೆದರು, ನಾನು ಪರದೆಯ ಪಕ್ಕದಲ್ಲಿ ನಿಂತು ನನ್ನಷ್ಟಕ್ಕೆ ಬೀಗಿದೆ. ಸಂಘದ ಅಧ್ಯಕ್ಷರಾದ ಕೃಷ್ಣಪ್ಪನವರು ರೈಲ್ವೆಯ ಹಿರಿಯ ಅಧಿಕಾರಿ. ಮೈಸೂರಿನ ಕಡೆಯವರು, ಮಾತು ಮೆತ್ತಗೆ, ಮೀಸೆ ಮಾತ್ರ ಗಡುಸು. ಅವರು ವಸುಧಾಳನ್ನು ಹತ್ತಿರ ಕರೆದು ಹಿಂದೆ ಕಟ್ಟಿದ್ದ ಬ್ಯಾನರಿನ ಕಡೆ ಕೈ ತೋರಿಸಿ, "ಪುಟ್ಟಿ, ಅದರಲ್ಲಿ ಮೊದಲನೇ ಅಕ್ಷರ ಯಾವುದಮ್ಮ?" ಎಂದರು. ಅಲ್ಲಿ 'ನಾಡಹಬ್ಬ' ಎಂದಿತ್ತು. ನನ್ನ ಮಗಳು ಉಸಿರೆಳೆದುಕೊಂಡು ನ ನಾ ನಿ ನೀ ಎಂದು ಶುರು ಮಾಡಿ ನಂ ನಃ ತನಕ ಹೋಗಿಯೇ ನಿಂತಳು. ಎರಡನೇ ಕಾರ್ಯಕ್ರಮ ಎಂದುಕೊಂಡು ಜನ ಮತ್ತೆ ಚಪ್ಪಾಳೆ ಹೊಡೆದರು.

ಕೃಷ್ಣಪ್ಪನವರು ಹೊಡೆಯಲಿಲ್ಲ. ಮುಂದಿನ ಸಭೆಯಲ್ಲಿ, "ದಮಯಂತಿಯವರೇ, ಮಕ್ಕಳು ಹಾಡ್ತಾರೆ ಸರಿ. ಓದ್ತಾರಾ?" ಎಂದು ಕೇಳಿದರು. ತರಗತಿ ನಡೆಯುವ ಸಂಘದ ಕೋಣೆಯನ್ನು ಕೇರಂ ಆಡುವವರು ಬಹಳ ದಿನದಿಂದ ಕೇಳುತ್ತಿದ್ದರಂತೆ. ಬರುವ ಭಾನುವಾರ ಸಮಿತಿಯವರು ತರಗತಿಯ ಮೊದಲ ಹತ್ತು ನಿಮಿಷ ನೋಡುವುದು, ಮಗುವೊಂದು ಹೊಸ ಪದವೊಂದನ್ನು ತಾನಾಗಿ ಓದಿದರೆ ತರಗತಿ ಉಳಿಯುವುದು, ಇಲ್ಲವಾದರೆ ಕೇರಂ ಬೋರ್ಡು ಬರುವುದು ಎಂದು ತೀರ್ಮಾನವಾಯಿತು. ಹತ್ತೇ ನಿಮಿಷ ಏಕೆ ಎಂದರೆ ಆಮೇಲೆ ಟಿವಿಯಲ್ಲಿ ಪುರಾಣದ ಧಾರಾವಾಹಿ. ಆ ವರ್ಷಗಳಲ್ಲಿ ಭಾನುವಾರ ಬೆಳಿಗ್ಗೆ ಗಿಜಿಗುಡುವ ಗಾಂಧಿಬಾಗ್ ಪೇಟೆಯ ಗಲ್ಲಿಗಳೇ ಖಾಲಿಯಾಗುತ್ತಿದ್ದವು, ಇನ್ನು ನನ್ನ ಪಾಠ ಯಾವ ಲೆಕ್ಕ.

ಹತ್ತು ನಿಮಿಷದ ಯೋಜನೆಗೆ ನಾನು ಮೂರು ಸಂಜೆ ತೆಗೆದುಕೊಂಡೆ. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ಆಮೇಲೆ ಕನ್ನಡ ಭಾಷೆಯ ಹಿರಿಮೆಯ ಬಗ್ಗೆ ನನ್ನ ನಾಲ್ಕು ಮಾತು, ಕಾಗುಣಿತ, ಕೊನೆಗೆ ಓದು. ನಮ್ಮವರನ್ನು ಮಕ್ಕಳ ಜಾಗದಲ್ಲಿ ಕೂರಿಸಿ ಒಮ್ಮೆ ಮಾಡಿ ನೋಡಿದೆ. ನನ್ನ ನಾಲ್ಕು ಮಾತು ಮುಗಿಯುವ ಹೊತ್ತಿಗೆ ಅವರು ಗಡಿಯಾರ ಎತ್ತಿ ತೋರಿಸಿದರು.

"ಇಲ್ಲಿಗೆ ಧಾರಾವಾಹಿ ಶುರು ಆತು ನೋಡು. ಹುಡುಗರು ಇನ್ನೂ ಬಾಯಿ ತೆರದಿಲ್ಲ," ಎಂದರು.

"ನಿಮಗ ಪಾಠದ್ದೇನು ಗೊತ್ತದ? ನಾ ಬಿ.ಎಡ್. ಮಾಡೀನಿ."

"ಅದು ಗೊತ್ತದ, ಮಾರಾಯ್ತಿ. ಧರಂಪೇಠದ ಓಣಿ ಓಣಿಗೂ ಗೊತ್ತದ."

ಸಿಟ್ಟಿನಲ್ಲಿ ಎಲ್ಲ ಹೊಡೆದುಹಾಕಿ ಓದನ್ನೊಂದೇ ಉಳಿಸಿಕೊಂಡೆ. ವಸುಧಾಳನ್ನು ಕರೆದು ಪಾಟಿಯ ಮೇಲೆ 'ಮೀ' ಎಂದು ಬರೆದೆ. ಅವಳು ಬೆರಳು ಮಡಿಸುತ್ತ ಪಿಸುಗುಟ್ಟಿದಳು, ಮ ಮಾ ಮಿ ಮೀ. 'ನೆ' ಬರೆದೆ. ನ ಎಂಬ ಕೆಳಗಿನ ಮೆಟ್ಟಿಲಿನಿಂದ ಹತ್ತಿಕೊಂಡು ನೆ ತನಕ ಬಂದಳು. ಮೆಟ್ಟಿಲು ಹತ್ತದೆ ಯಾವ ಅಕ್ಷರಕ್ಕೂ ಅವಳಿಗೆ ದಾರಿಯೇ ಇರಲಿಲ್ಲ. ಎರಡಕ್ಷರದ ಪದದ ಕೊನೆಗೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ಅತಿಥಿಗಳ ಮುಂದೆ ಮೆರೆಸಿದ್ದ ನನ್ನ ಮಗಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಕೋಣೆ ಹೋದರೆ ಈ ಊರಿನಲ್ಲಿ ಕನ್ನಡ ಓದುವುದನ್ನು ಅವಳು ಇನ್ನೆಲ್ಲಿ ಕಲಿತಾಳು?

"ಹಾಡಬ್ಯಾಡ. ಕೂಡಿಸಿ ಹೇಳು. ಮ, ಈ. ಏನಾತು?" ಎಂದೆ.

"ಮಈ," ಎಂದಳು.

"ಮಈ ಅಲ್ಲ, ಜಾಣಿ. ಮ, ಈ!"

"ಅದs ಹೇಳಿದ್ನಲ್ಲ, ಆಯಿ. ಮಈ." ಅವಳ ಕಣ್ಣಲ್ಲಿ ನೀರು.

ಅವಳು ಹೇಳಿದ್ದೇ ಸರಿಯಾಗಿತ್ತು. ನಾನು ಮ ಎಂದಾಗ ಅದರೊಳಗೆ ಆಗಲೇ ಅ ಕೂತುಬಿಟ್ಟಿರುತ್ತದೆ. ಸೀಟು ಹಿಡಿದು ಕೂತವನನ್ನು ಎಬ್ಬಿಸದೆ ಈ ಯನ್ನು ಎಲ್ಲಿ ಕೂರಿಸುವುದು? ಆ ಅ ವನ್ನು ಎಬ್ಬಿಸುವುದು ಹೇಗೆಂದು ನನ್ನ ಬಿ.ಎಡ್. ನಲ್ಲಿ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತು ಕಸೂತಿ ಹಾಕುತ್ತಿದ್ದೆ.

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ತುರುಬು ಕಟ್ಟಿಕೊಳ್ಳುತ್ತಿದ್ದೆ. ನನ್ನ ಕೂದಲು ನನ್ನ ಮಾತು ಎಂದೂ ಕೇಳಿದ್ದಲ್ಲ. ಎರಡೂ ಕೈ ತಲೆಯ ಮೇಲೆ, ಪಿನ್ನುಗಳು ತುಟಿಯ ನಡುವೆ. ವಸುಧಾ ಬಂದು, "ಆಯಿ, ಸಾಕ್ಸ್ ಎಲ್ಲೆ ಅವ?" ಎಂದಳು. ನಾನು ತುಟಿ ಬಿಚ್ಚಲಾಗದೆ "ಮ್ಮ್ಮ್ಮ್" ಎಂದು ಗಲ್ಲದಿಂದಲೇ ಮಂಚ ತೋರಿಸಿದೆ. ಅವಳಿಗೆ ತಿಳಿಯಲಿಲ್ಲ. ಮತ್ತೆ "ಮ್ಮ್ಮ್ಮ್" ಎನ್ನುವಾಗ ಪಿನ್ನು ಜಾರಿ ಬಿದ್ದು ಬಾಯಿ ತೆರೆಯಿತು, "ಆ" ಎಂದು ಕೂಗಿದೆ.

"ಮಾ!" ಎಂದು ಅವಳು ಕೈ ತಟ್ಟಿ ನಕ್ಕಳು. "ಆಯಿ ಮಾ ಅಂದ್ಳು!"

ನಾನು ಬಗ್ಗಿ ಪಿನ್ನು ಎತ್ತಿಕೊಂಡು ಮತ್ತೆ ತುಟಿಯಲ್ಲಿಟ್ಟುಕೊಂಡೆ. "ಮ್ಮ್ಮ್ಮ್" ಎಂದು ಎಳೆದು, ಉಸಿರು ನಿಲ್ಲಿಸದೆ ಹಾಗೇ "ಈ" ಗೆ ಜಾರಿದೆ. "ಮೀ!" ಎಂದಳು. ಬೆರಳು ಮಡಿಸಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು, ಅಂದು ಅವಳು ಸಾಕ್ಸಿಲ್ಲದೆ ಸ್ಕೂಲಿಗೆ ಹೋದಳು.

ಆಮೇಲೆ ಯೋಜನೆ ತಾನಾಗಿ ಕೂಡಿಬಂತು. ಹೀಗೆ ಎಳೆಯಲು ಎಲ್ಲ ಅಕ್ಷರವೂ ಒಪ್ಪುವುದಿಲ್ಲ. ಕ್, ಟ್, ಪ್ ಥಟ್ಟನೆ ಮುಗಿದುಹೋಗುತ್ತವೆ, ಎಳೆಯಲು ಹೋದರೆ ಅ ಮತ್ತೆ ಬಂದು ಕೂರುತ್ತದೆ. ಮ್, ನ್, ಲ್, ಸ್ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತವೆ. ಹಾಗಾಗಿ ಈ ನಾಲ್ಕೇ ವ್ಯಂಜನ, ಅವುಗಳ ಜೊತೆಗೆ ಆ, ಈ, ಎ. ಮೊದಲು ಪಾಟಿಯಿಲ್ಲ, ಬರೀ ಕಿವಿ. ನಾನು ಎಳೆದು ಜಾರಿಸುವುದು, ಮಕ್ಕಳು ಕೂಡಿಸಿ ಹೇಳುವುದು. ಆಮೇಲೆ ಅವರೇ ಕೈಯನ್ನು ಎಡದಿಂದ ಬಲಕ್ಕೆ ಜಾರಿಸುತ್ತ ಎಳೆಯುವುದು. ಅದಾದ ಮೇಲೆ ಹಲಗೆಯ ಮೇಲೆ ಅಕ್ಷರ, ಕಾಗುಣಿತದ ಸಾಲಿನಲ್ಲಿ ಬೇಡವೇ ಬೇಡ, ಸೀ, ಮೆ, ಲಾ ಎಂದು ಹಿಂದುಮುಂದಾಗಿ. ಕೊನೆಯಲ್ಲಿ ಹೊಸ ಪದ. ಭಾಷೆಯ ಹಿರಿಮೆಯ ಬಗ್ಗೆ ನನ್ನ ನಾಲ್ಕು ಮಾತನ್ನು ಬಹಳ ನೋವಿನಿಂದ ಕೈಬಿಟ್ಟೆ.

ಭಾನುವಾರ ಕೃಷ್ಣಪ್ಪನವರೂ ಸಮಿತಿಯ ಇನ್ನಿಬ್ಬರೂ ಬಂದು ಗೋಡೆಗೆ ಕುರ್ಚಿ ಹಾಕಿಕೊಂಡು ಕೂತರು. ದೊಡ್ಡವರನ್ನು ಕಂಡದ್ದೇ ತಡ, ನಾನು ಬಾಯಿ ತೆರೆಯುವ ಮೊದಲೇ ಮಕ್ಕಳು ಎದ್ದು ನಿಂತು ಕ ಕಾ ಕಿ ಕೀ ಶುರು ಮಾಡಿಬಿಟ್ಟರು. ನಾನು ಕೈ ಅಡ್ಡ ಹಿಡಿದೆ, ತಾಳ ಹಾಕುತ್ತಿದ್ದೇನೆಂದು ತಿಳಿದು ಇನ್ನಷ್ಟು ಜೋರು ಮಾಡಿದರು. ಕಾಗುಣಿತವನ್ನು ನಡುವೆ ನಿಲ್ಲಿಸಲು ನಾನು ಅವರಿಗೆ ಎಂದೂ ಕಲಿಸಿರಲಿಲ್ಲ. ಕಃ ಬರುವ ತನಕ ನಾನೂ ಸಮಿತಿಯವರೂ ಕಾದೆವು.

ಆಮೇಲೆ "ಮ್ಮ್ಮ್ಮ್" ಎಂದೆ. ಮಕ್ಕಳು ನನ್ನ ತುಟಿ ನೋಡತೊಡಗಿದರು. "ಮ್ಮ್ಮ್ಮ್... ಆ." ಎಲ್ಲರೂ ಒಟ್ಟಿಗೆ "ಮಾ" ಎಂದರು. "ಸ್ಸ್ಸ್ಸ್... ಈ." "ಸೀ!" ಕೈಗಳು ಎಡದಿಂದ ಬಲಕ್ಕೆ ಜಾರತೊಡಗಿದವು. ನಾನು ಎಲ್ಲರಿಗಿಂತ ಜೋರಾಗಿ ಬೀಸಿದೆ, ತುರುಬು ಸಡಿಲವಾಗುತ್ತಿದ್ದದ್ದು ಗೊತ್ತಾಗಲಿಲ್ಲ. ಹಲಗೆಯ ಮೇಲೆ ಬರೆದ ಬಿಡಿ ಅಕ್ಷರಗಳನ್ನೂ ತಡವರಿಸುತ್ತ ಹೇಳಿದರು. ಒಬ್ಬರೂ ಬೆರಳು ಮಡಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಕೃಷ್ಣಪ್ಪನವರು ಗಡಿಯಾರ ನೋಡಿಕೊಂಡು ಎದ್ದರು. "ಪದ ನಾನು ಬರೀತೀನಿ," ಎಂದು ಸೀಮೆಸುಣ್ಣ ಹಿಡಿದು 'ಕಿತ್ತಳೆ' ಎಂದು ಬರೆದರು. ಕಿತ್ತಳೆಗೆ ಹೆಸರಾದ ನಾಗಪುರದವರಿಗೆ ಇನ್ನೇನು ಹೊಳೆದೀತು.

"ಸರ್, ಒತ್ತಕ್ಷರ ಇನ್ನೂ ಬಂದಿಲ್ರಿ. ಮ, ನ, ಲ, ಸ. ಆ, ಈ, ಎ. ಇಷ್ಟರಾಗ ಏನರ ಬರೀರಿ," ಎಂದು ಬೇಡಿಕೊಂಡೆ.

"ಇಷ್ಟರಲ್ಲಿ ಏನು ಬರುತ್ತೆ?" ಎಂದು ಅವರು ಯೋಚಿಸುತ್ತ ಮೀಸೆ ನೀವಿಕೊಂಡರು. ನೀವುತ್ತಿದ್ದ ಕೈ ತಟ್ಟನೆ ನಿಂತಿತು. 'ಕಿತ್ತಳೆ' ಒರೆಸಿ 'ಮೀಸೆ' ಎಂದು ಬರೆದು ನಮ್ಮ ವಸುಧಾಳ ಕಡೆಗೇ ಬೆರಳು ತೋರಿಸಿದರು. "ಅವತ್ತು ಹಾಡಿದ ಪುಟ್ಟಿ ಓದಲಿ. ನೀವು ಬಾಯಿ ಬಿಡಬಾರದು, ದಮಯಂತಿಯವರೇ."

ಅವಳು ಹಲಗೆಯ ಮುಂದೆ ನಿಂತಳು. ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಬೆರಳುಗಳನ್ನು ಮಡಿಸುವುದು ನನಗೆ ಕಾಣುತ್ತಿತ್ತು, ಒಂದು, ಎರಡು. ಮುಗಿಯಿತು, ಕೇರಂ ಬೋರ್ಡು ಬಂತು ಎಂದುಕೊಂಡೆ. ಸರಿಯಾಗಿ ಆಗಲೇ ನನ್ನ ತುರುಬು ಬಿಚ್ಚಿ ಸಮಿತಿಯ ಎದುರಿಗೇ ಬೆನ್ನ ಮೇಲೆ ಸುರಿಯಿತು. ಬೇಕೆಂದೇ ಮಾಡಿದೆ ಎಂದು ಹೇಳಿಕೊಳ್ಳಲು ಆಸೆ ಇದೆ, ಆದರೆ ಅಷ್ಟು ಬುದ್ಧಿ ನನಗಿಲ್ಲ. ನಾಚಿಕೆಯಿಂದ ಪಿನ್ನುಗಳನ್ನು ಕಿತ್ತು ತುಟಿಯಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಕೂದಲು ಒಟ್ಟುಮಾಡತೊಡಗಿದೆ.

ವಸುಧಾ ತಿರುಗಿ ನೋಡಿದಳು. ನನ್ನ ಮುಚ್ಚಿದ ತುಟಿ, ಪಿನ್ನು, ಎಲ್ಲ ನೋಡಿದಳು. ಮಡಿಸಿದ್ದ ಬೆರಳು ಬಿಚ್ಚಿತು. ತಾನೂ ತುಟಿ ಮುಚ್ಚಿದಳು.

"ಮ್ಮ್ಮ್ಮ್... ಈ. ಮೀ. ಸ್ಸ್ಸ್ಸ್... ಸೇ. ಮೀಸೇ." ಹ್ರಸ್ವ ಎ ಇಲ್ಲದ ಮರಾಠಿಯ ರೂಢಿಯಲ್ಲಿ ಕೊನೆಯದನ್ನು ಎಳೆದುಬಿಟ್ಟಳು. ಮುಖ ಗಂಟಿಕ್ಕಿ ಇನ್ನೊಮ್ಮೆ ಹೇಳಿಕೊಂಡಳು. "ಮೀಸೇ... ಮೀಸೆ. ಮೀಸೆ!" ಎಂದು ಕಿರುಚಿ ಕೃಷ್ಣಪ್ಪನವರ ಮುಖಕ್ಕೇ ಬೆರಳು ಮಾಡಿದಳು. "ಆಯಿ, ಅಜ್ಜಾವ್ರ ಮೀಸೆ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಕಣ್ಣು ಮಂಜಾಯಿತು. ಹಾಡಿದಾಗ ಅವಳನ್ನು ನೋಡಿ ಎಷ್ಟೋ ಸಲ ಬೀಗಿದ್ದೆ. ಇವತ್ತು ಅವಳು ತನ್ನಷ್ಟಕ್ಕೆ ಒಂದು ಪದ ಓದಿದ್ದಳು, ಅದು ನನಗೆ ಹೆಮ್ಮೆಗಿಂತ ದೊಡ್ಡದಾಗಿ ಕಂಡಿತು.

ಸಮಿತಿಯವರು ಚಪ್ಪಲಿ ಹುಡುಕುತ್ತಿದ್ದರು, ಧಾರಾವಾಹಿಗೆ ಹೊತ್ತಾಗಿತ್ತು. ಕೃಷ್ಣಪ್ಪನವರು ಬಾಗಿಲಿನಿಂದ ಹಿಂದೆ ಬಂದು ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

"ಇದು ನಿಮ್ಮ ಹತ್ತಿರವೇ ಇರಲಿ. ಕೇರಂನವರಿಗೆ ನಾನು ಹೇಳ್ಕೋತೀನಿ," ಎಂದರು. ಒಂದು ಕ್ಷಣ ನಿಂತು, "ಭಾಷೆಯ ಹಿರಿಮೆಯ ಬಗ್ಗೆ ಏನಾದರೂ ಎರಡು ಮಾತು ಹೇಳ್ತೀರೇನೋ ಅಂದ್ಕೊಂಡಿದ್ದೆ," ಎಂದರು.

ಹೇಳಲು ನನ್ನಲ್ಲಿ ನಾಲ್ಕು ಮಾತು ತಯಾರಿದ್ದವು. ಆದರೆ ಎರಡೂ ಕೈ ತಲೆಯ ಮೇಲೆ, ಪಿನ್ನುಗಳು ಬಾಯಲ್ಲಿ.

"ಮ್ಮ್ಮ್ಮ್," ಎಂದೆ.