ಕೊಟ್ಟೂರಿಗೆ ಹಾಕಿದ ಬಿಲ್ಲುಗಳು

ಸೆಪ್ಟೆಂಬರ್ ಬಂತೆಂದರೆ ನನಗೆ ತಲೆನೋವು ಶುರು. ಎರಡು ಕಂಪನಿಗಳ ಲೆಕ್ಕವನ್ನು ಒಂದು ಹಾಳೆಗೆ ತರಬೇಕು. ಅದಕ್ಕೂ ಮೊದಲು ಆ ಹಾಳೆ ಏನು, ಯಾಕೆ ಎಂದು ನಮ್ಮ ಸಾವ್ಕಾರರಿಗೆ ಹೊಸದಾಗಿ ಹೇಳಬೇಕು. ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷವೂ ಅವರು ಇದೇ ಮೊದಲ ಸಲ ಕೇಳಿದವರಂತೆ ಹುಬ್ಬೇರಿಸುತ್ತಾರೆ.

ನಾನು ಕೊಟ್ಟೂರಿನ ಒಂದು ಶೇಂಗಾ ಎಣ್ಣೆ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಕಂಪನಿಯ ಮಾಲೀಕರನ್ನು ಊರೆಲ್ಲ ಸಾವ್ಕಾರ್ರು ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಹಗರಿಬೊಮ್ಮನಹಳ್ಳಿಯಲ್ಲಿ ಇದೇ ಮನೆತನದ ಇನ್ನೊಂದು ಕಂಪನಿ ಇದೆ. ರೈತರಿಂದ ಶೇಂಗಾಕಾಯಿ ಕೊಂಡು, ಸಿಪ್ಪೆ ಒಡೆದು, ಬೀಜ ಮಾಡುವ ಮಿಲ್ಲು ಅದು. ಅದರ ಷೇರಿನಲ್ಲಿ ನೂರಕ್ಕೆ ಎಪ್ಪತ್ತು ಕೊಟ್ಟೂರಿನ ಕಂಪನಿಯದು, ಮೂವತ್ತು ಸಾವ್ಕಾರರ ತಂಗಿಯದು. ಷೇರು ಯಾರದೇ ಇರಲಿ, ಮಿಲ್ಲು ನಡೆಸುವವರು ತಂಗಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಎಷ್ಟು ಒಣಗಿದೆ ಎಂದು ಹೇಳಿಬಿಡುತ್ತಾರೆ. ಹೊಸಹಳ್ಳಿ, ಹಡಗಲಿ ಕಡೆಯ ರೈತರು ಬೇರೆ ಮಿಲ್ಲುಗಳನ್ನು ದಾಟಿಕೊಂಡು ಇವರ ಹತ್ತಿರ ಬರುತ್ತಿದ್ದರು, ಏಕೆಂದರೆ ತೂಕವಾದ ದಿನವೇ ಕೈಗೆ ರೊಕ್ಕ.

ಈ ಮನೆತನದಲ್ಲಿ ಇವರ ಅಪ್ಪನ ಕಾಲದಿಂದ ಬಂದ ಪದ್ಧತಿಯೊಂದಿತ್ತು. ಯುಗಾದಿಗೆ ಮಿಲ್ಲಿನ ಗೋದಾಮು ಖಾಲಿ ಇರಬೇಕು. ಗುಡಿಸಿ, ಸಾರಿಸಿ, ರಂಗೋಲಿ ಹಾಕಿ ಪೂಜೆ ಮಾಡಬೇಕು. ಹಾಗಾಗಿ ಮಾರ್ಚ್ ಬಂತೆಂದರೆ ಇದ್ದಬದ್ದ ಬೀಜವನ್ನೆಲ್ಲ ಲಾರಿಗೆ ತುಂಬಿ, ಲಾಭ ಇಟ್ಟು ಬಿಲ್ಲು ಹಾಕಿ, ಕೊಟ್ಟೂರಿನ ಗೋದಾಮಿಗೆ ಕಳಿಸುತ್ತಿದ್ದರು. ದೇವರಿಗೆ ಅದರಿಂದ ಸಂತೋಷವಾಗಿರಬಹುದು. ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವ ನನಗೆ ಮಾತ್ರ ಅದರಿಂದ ಒಂದು ಸುಖವೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಸಾವ್ಕಾರರಿಗೆ ಎಣ್ಣೆ ಶುದ್ಧಿ ಮಾಡುವ ಹೊಸ ಘಟಕದ ಹುಚ್ಚು ಹಿಡಿದಿತ್ತು. ಬ್ಯಾಂಕಿನವರು ಎರಡೂ ಕಂಪನಿಗಳನ್ನು ಕೂಡಿಸಿದ ಕ್ರೋಡೀಕೃತ ಲೆಕ್ಕ ಕೇಳಿದ್ದರು. ಸಾವ್ಕಾರರು ತಾವೇ ಕೊಟ್ಟೂರಿನ ಲಾಭಕ್ಕೆ ಹಗರಿಬೊಮ್ಮನಹಳ್ಳಿಯ ಲಾಭ ಕೂಡಿಸಿಕೊಂಡು ಖುಷಿಯಾಗಿ ಕೂತಿದ್ದರು. ನನ್ನ ಹಾಳೆಯಲ್ಲಿ ಲಾಭ ಅದಕ್ಕಿಂತ ಕಡಿಮೆ ಇತ್ತು.

"ಏನವ್ವಾ ಇದು? ನನ್ನ ಲಾಭ ಎಲ್ಲಿ ಹೋತು?"

"ಮಾರ್ಚಿನಾಗ ಬಂದ ಬೀಜ ವರ್ಷದ ಕೊನಿಗೆ ಇನ್ನೂ ನಮ್ಮ ಗೋದಾಮಿನಾಗ ಇತ್ತಲ್ರಿ. ಅದರ ಮ್ಯಾಲಿನ ಲಾಭ ತಗದೀನ್ರಿ."

"ಬಿಲ್ ಐತಿ. ಜಿಎಸ್‌ಟಿ ಕಟ್ಟೀವಿ. ಲಾರಿ ಬಂದೈತಿ. ಇದು ಮಾರಾಟ ಅಲ್ಲಂದ್ರ ಮತ್ತ್ಯಾವುದು ಮಾರಾಟ?"

ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ನೂರು ರೂಪಾಯಿ ಖರ್ಚಿನ ಬೀಜವನ್ನು ಮಿಲ್ಲು ನಮಗೆ ನೂರಾ ಇಪ್ಪತ್ತಕ್ಕೆ ಮಾರಿದೆ ಅನ್ನಿ. ಮಿಲ್ಲಿಗೆ ಇಪ್ಪತ್ತು ಲಾಭ, ಸರಿ. ಆದರೆ ಎರಡನ್ನೂ ಒಂದೇ ವ್ಯಾಪಾರ ಎಂದು ನೋಡಿದಾಗ, ಚೀಲ ಒಳಮನೆಯಿಂದ ಪಡಸಾಲೆಗೆ ಬಂದಿದೆ, ಅಷ್ಟೇ. ಹೊರಗಿನವರು ಯಾರೂ ಕೊಂಡಿಲ್ಲ. ಆದ್ದರಿಂದ ಆ ಮಾರಾಟವನ್ನೂ ಆ ಖರೀದಿಯನ್ನೂ ಎರಡೂ ಕಡೆಯಿಂದ ಹೊಡೆದು ಹಾಕಬೇಕು, ಗೋದಾಮಿನ ಸರಕನ್ನು ನೂರಕ್ಕೇ ಇಳಿಸಬೇಕು. ಆ ಬೀಜದ ಎಣ್ಣೆ ಹೊರಗೆ ಮಾರಾಟವಾದ ವರ್ಷ ಆ ಇಪ್ಪತ್ತು ತಾನಾಗಿ ಲಾಭಕ್ಕೆ ಬರುತ್ತದೆ, ಎಲ್ಲೂ ಓಡಿಹೋಗುವುದಿಲ್ಲ.

"ಅಂದ್ರ ನನ್ನ ಇಪ್ಪತ್ತು ಹೋತು."

"ನಿಮ್ಮದು ಹದಿನಾಲ್ಕರಿ. ಮಾರಿದವರು ಮಿಲ್ಲಿನವರು, ಅದರಾಗ ನಿಮ್ಮ ತಂಗಿದು ಮೂವತ್ತು ಪಾಲು. ಆರು ಅವರ ಲೆಕ್ಕದಾಗ ಕಡಿಮಿ ಆಗ್ತೈತಿ."

ತಂಗಿಯ ಪಾಲೂ ಕಡಿಮೆಯಾಗುತ್ತದೆ ಎಂದು ತಿಳಿದ ಮೇಲೆ ಅವರ ಮುಖ ಸ್ವಲ್ಪ ಸಡಿಲಾಯಿತು. ನನಗೆ ಮೈಯೆಲ್ಲ ಉರಿಯಿತು. ನಾನು ಅರ್ಧ ದಿನ ಗಂಟಲು ಹರಿದುಕೊಂಡರೂ ತಲೆಗೆ ಹೋಗದ ನಿಯಮ, ತಂಗಿಗೂ ಪೆಟ್ಟು ಬಿತ್ತು ಎಂದ ಕೂಡಲೇ ಹೋಯಿತು.

ಲೆಕ್ಕ ಒಪ್ಪಲು ಸಭೆ ಕರೆದ ದಿನ ತಂಗಿ ಹಗರಿಬೊಮ್ಮನಹಳ್ಳಿಯಿಂದ ಬಂದರು. ಸೀರೆಯ ಸೆರಗಿಗೆ ಶೇಂಗಾ ಹೊಟ್ಟು ಅಂಟಿಕೊಂಡಿತ್ತು, ಅದನ್ನು ಕೊಡವಿಕೊಳ್ಳುತ್ತಲೇ ಕೂತರು. ಹಾಳೆಯನ್ನು ಮೇಲಿಂದ ಕೆಳಗೆ ಓದಿ ನನ್ನ ಕಡೆ ತಿರುಗಿದರು.

"ನನ್ನ ಮಿಲ್ಲಿನ ಮಿಷನ್ನು, ಗೋದಾಮು, ಕರೆಂಟ್ ಬಿಲ್ಲು, ಎಲ್ಲಾ ಪೂರ್ತಿ ಬರಕೊಂಡೀರಿ. ನನಗ ಮಾತ್ರ ಕೆಳಗ ಒಂದು ಸಾಲು?"

ಆ ಸಾಲಿಗೆ ನಿಯಂತ್ರಣವಿಲ್ಲದ ಪಾಲು ಎಂದು ಹೆಸರು. ಮಿಲ್ಲಿನ ಹಿಡಿತ ಕಾನೂನಿನ ಪ್ರಕಾರ ಎಪ್ಪತ್ತು ಇರುವವರದು, ಆದ್ದರಿಂದ ಆಸ್ತಿ, ಆದಾಯ, ಖರ್ಚು ಪೂರ್ತಿ ಸೇರಿಸಿ, ಅದರಲ್ಲಿ ನಿಮ್ಮ ಮೂವತ್ತನ್ನು ಬೇರೆ ತೋರಿಸುತ್ತೇವೆ, ಎಲ್ಲವೂ ಅಣ್ಣನದೇ ಎಂದು ಓದಿದವರು ತಿಳಿಯಬಾರದಲ್ಲ ಎಂದೆ. ಅವರು ಒಪ್ಪಿದರೋ ಇಲ್ಲವೋ, ತಲೆಯಂತೂ ಆಡಿಸಿದರು. ಅವರಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು.

"ಅಣ್ಣಾ, ಮಾರ್ಚಿನಾಗ ಕಳಿಸಿದ ಬೀಜದ ರೊಕ್ಕ ಈ ತಿಂಗಳ ಬೇಕು. ಇನ್ನೇನು ಹೊಸ ಕಾಯಿ ಬರಾಕ ಹತ್ತತಾವ. ಕೈಯಾಗ ರೊಕ್ಕ ಇಲ್ಲಂದ್ರ ನಾ ಏನ್ ಹಿಡಕೊಂಡು ಖರೀದಿಗೆ ಕುಂದ್ರಲಿ?"

ಸಾವ್ಕಾರರು ನನ್ನ ಹಾಳೆಯನ್ನು ಆಕೆಯ ಮುಂದೆ ಸರಿಸಿ ಅದರ ಮೇಲೆ ಬೆರಳಿಟ್ಟರು.

"ಯಾವ ಬಾಕಿ ತಂಗೀ? ಇದರಾಗ ತೋರ್ಸು ನೋಡೋಣು. ಈಕಿ ಹೊಡದ ಹಾಕ್ಯಾಳ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ತಿಳಿಯಿತು. ಮಿಲ್ಲಿಗೆ ನಾವು ಕೊಡಬೇಕಾದದ್ದು, ಮಿಲ್ಲಿಗೆ ನಮ್ಮಿಂದ ಬರಬೇಕಾದದ್ದು, ಎರಡನ್ನೂ ನಾನು ಆ ಹಾಳೆಯಿಂದ ತೆಗೆದಿದ್ದೆ. ತೆಗೆಯಲೇಬೇಕು. ಒಂದೇ ವ್ಯಾಪಾರ ಎಂದು ತೋರಿಸುವಾಗ ತನಗೆ ತಾನೇ ಸಾಲಗಾರನಾಗಲು ಆಗುವುದಿಲ್ಲ. ಸಾವ್ಕಾರರು ಅದನ್ನು ಹಿಡಿದುಕೊಂಡು, ಬಾಕಿಯೇ ತೀರಿಹೋಯಿತು ಎಂದು ಕೂತಿದ್ದಾರೆ!

"ಸಾವ್ಕಾರ್ರ, ಅದು ಈ ಹಾಳಿಯಾಗ ಅಷ್ಟರಿ!" ನನ್ನ ದನಿ ಎಷ್ಟು ಏರಿತ್ತೆಂದರೆ ಹೊರಗೆ ತೂಕದ ಹತ್ತಿರ ಇದ್ದವರು ಒಳಗೆ ಇಣುಕಿದರು. "ನಿಮ್ಮ ಕಂಪನಿ ಪುಸ್ತಕದಾಗ ಕೊಡಬೇಕು ಅಂತ ಹಂಗ ಐತಿ. ಅವರ ಪುಸ್ತಕದಾಗ ಬರಬೇಕು ಅಂತ ಹಂಗ ಐತಿ. ಎರಡೂ ಬ್ಯಾರೆ ಬ್ಯಾರೆ ಕಂಪನಿರಿ. ಕೂಡ್ಸಿ ತೋರ್ಸೋ ಹಾಳಿಯಾಗ ತಗದ್ರ ಬಾಕಿ ತೀರೋದಿಲ್ಲ."

"ಇದಕ್ಕ ಆಡಿಟರು ಸಹಿ ಮಾಡ್ತಾನೋ ಇಲ್ಲೋ?"

"ಮಾಡ್ತಾರ್ರಿ."

"ಸಹಿ ಆದ್ರ ಇದು ಖರೆ ಹಾಳಿ. ಖರೆ ಹಾಳಿಯಾಗ ಬಾಕಿ ಇಲ್ಲ. ಒಂದ ಮನಿ ಅಂತ ನೀನ ಹೇಳ್ದಿ. ಒಂದ ಮನಿಯಾಗ ಯಾರು ಯಾರಿಗೆ ಕೊಡಬೇಕು?"

ನನ್ನ ಮಾತೇ ನನ್ನ ಕುತ್ತಿಗೆಗೆ ಬಂದಿತ್ತು. ಒಳಗೆ ಹೋಗಿ ಕೊಟ್ಟೂರಿನ ಕಂಪನಿಯ ಪ್ರತ್ಯೇಕ ಲೆಕ್ಕ ತಂದೆ. ಅಂಗಸಂಸ್ಥೆಗೆ, ಅಂದರೆ ಮಿಲ್ಲಿಗೆ, ಕೊಡಬೇಕಾದದ್ದು ಎಂದು ಸ್ಪಷ್ಟವಾಗಿ ಬರೆದ ಪುಟದ ಕೆಳಗೆ ಅವರದೇ ಸಹಿ ಇತ್ತು. ನೋಡಿದರು. "ಅದು ಬ್ಯಾರೆ" ಅಂದರು. ದಾವಣಗೆರೆಯ ಆಡಿಟರಿಗೆ ಫೋನು ಮಾಡಿ ಕೊಟ್ಟೆ. ಅವರೂ ಇದನ್ನೇ ಹೇಳಿದರು. ಸಾವ್ಕಾರರು ಹೂಂ ಹೂಂ ಎಂದು ಕೇಳಿಸಿಕೊಂಡು, ಫೋನಿಟ್ಟು, "ನೋಡೋಣ" ಅಂದರು. ಹೊಸ ಘಟಕಕ್ಕೆ ತಾವು ಹಾಕಬೇಕಾದ ಪಾಲಿಗೆ ಆ ರೊಕ್ಕ ಆಗಲೇ ಹೋಗಿಬಿಟ್ಟಿತ್ತು ಎಂಬುದು ನನಗೂ ಗೊತ್ತಿತ್ತು. ಬಾಕಿ ಹಾಗೇ ಇದೆ ಎಂದು ಅವರಿಗೆ ನಿಜವಾಗಿ ತಿಳಿದಿರಲಿಲ್ಲವೋ, ತಿಳಿಯದಿರುವುದೇ ಅನುಕೂಲವಾಗಿತ್ತೋ, ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ತಂಗಿ ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಬರ್ತೀನಣ್ಣಾ" ಎಂದು ಎದ್ದು ಬಸ್ ಸ್ಟ್ಯಾಂಡಿಗೆ ಹೋದರು.

ಸುಗ್ಗಿಯಲ್ಲಿ ನಾನು ಪುಸ್ತಕ ತಾಳೆ ನೋಡಲು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಆ ದಿನಗಳಲ್ಲಿ ಮಿಲ್ಲಿನ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತಿರಬೇಕು, ಹೊಟ್ಟಿನ ಧೂಳಿಗೆ ಸೀನಿ ಸೀನಿ ಸಾಕಾಗಬೇಕು. ಮಿಷನ್ನು ನಿಂತಿತ್ತು. ಹಡಗಲಿ ಕಡೆಯ ಒಬ್ಬ ರೈತ ಗಾಡಿ ತುಂಬ ಕಾಯಿ ತಂದು ನಿಂತಿದ್ದ. ತಂಗಿ ಚೀಲದಿಂದ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಚೀಲಕ್ಕೇ ಹಾಕಿದರು.

"ಚಲೋ ಕಾಯಿ ಅದಾವಪ್ಪಾ. ಬ್ಯಾರೆ ಕಡೆ ಒಯ್ಯಿ."

"ರೊಕ್ಕ ಆಮ್ಯಾಲೆ ಕೊಡ್ರಿ ಅಕ್ಕಾರ, ನಾ ಏನ್ ಕೇಳ್ದ್ನೇನ್ರಿ?"

"ನೀ ಕೇಳಲ್ಲ. ನನಗ ನಾಳಿ ಬಾ ಅನ್ನಾಕ ಬಾಯಿ ಬರೋದಿಲ್ಲ. ನಾಳಿ ಅಂದ ದಿನ ಈ ಮಿಲ್ಲು ಎಲ್ಲರ ಮಿಲ್ಲಿನಂಗ ಆತು."

ಗಾಡಿ ತಿರುಗಿಸಿಕೊಂಡು ಹೋದ. ನಾನು ಪುಸ್ತಕ ತೆರೆದು ಕೂತೆ. ಎರಡೂ ಪುಸ್ತಕದ ಬಾಕಿಯ ಅಂಕಿ ಒಂದು ಪೈಸೆ ವ್ಯತ್ಯಾಸವಿಲ್ಲದೆ ತಾಳೆಯಾಯಿತು. ಹಾಗೆ ತಾಳೆಯಾದದ್ದಕ್ಕೆ ಸಿಟ್ಟು ಬಂದದ್ದು ಜೀವನದಲ್ಲಿ ಅದೊಂದೇ ಸಲ.

ಸಾವ್ಕಾರರು ಕೊನೆಗೂ ಪೂರ್ತಿ ಕೊಟ್ಟರು, ಸುಗ್ಗಿ ಮುಗಿದ ಮೇಲೆ. ತಂಗಿ ರಸೀದಿ ಕಳಿಸಿದರು. ಆಮೇಲೆ ಆ ಮಿಲ್ಲಿನಿಂದ ಕೊಟ್ಟೂರಿಗೆ ಒಂದು ಚೀಲ ಬೀಜವೂ ಬರಲಿಲ್ಲ. ದಾವಣಗೆರೆಯ ವ್ಯಾಪಾರಿಗಳು ಬಂದು, ರೊಕ್ಕ ಎಣಿಸಿ, ತುಂಬಿಕೊಂಡು ಹೋಗುತ್ತಿದ್ದರು. ನಾವು ಹರಪನಹಳ್ಳಿಯ ಪೇಟೆಯಲ್ಲಿ ಹೆಚ್ಚು ಬೆಲೆ ಕೊಟ್ಟು ಬೀಜ ತರಿಸತೊಡಗಿದೆವು. ಎಪ್ಪತ್ತು ಷೇರಿನ ಬಲದಿಂದ ಸಾವ್ಕಾರರು ಆಕೆಯನ್ನು ಆ ಜಾಗದಿಂದ ತೆಗೆಯಬಹುದಿತ್ತು. ತೆಗೆಯಲಿಲ್ಲ. ಅಲ್ಲಿಗೆ ಹೋಗಿ ಕೂರುವವರು ಬೇರೆ ಯಾರೂ ಇರಲಿಲ್ಲ, ಊರವರ ಬಾಯಿಗೂ ಅಂಜಿದರು. ಅಣ್ಣ ತಂಗಿಯ ನಡುವೆ ಮಾತು ನಿಂತಿತು. ಹಬ್ಬಕ್ಕೆ ಕಳಿಸುತ್ತಿದ್ದ ಬುತ್ತಿಯೂ ನಿಂತಿತು.

ಮಾತು ನಿಂತರೇನು, ಷೇರು ನಿಲ್ಲುವುದಿಲ್ಲವಲ್ಲ. ಎಪ್ಪತ್ತು ಇರುವ ತನಕ ಅವರಿಬ್ಬರನ್ನೂ ವರ್ಷಕ್ಕೊಮ್ಮೆ ಒಂದು ಹಾಳೆಯ ಮೇಲೆ ಕೂರಿಸುವ ಕೆಲಸ ನನ್ನದು. ಮೊದಲ ವರ್ಷ, ಹಿಂದೆ ತಡೆದಿಟ್ಟ ಲಾಭ ಎಣ್ಣೆ ಮಾರಾಟವಾದ್ದರಿಂದ ವಾಪಸು ಬಂತು, ಅದನ್ನು ತೋರಿಸಿದೆ. ಅದರ ಮುಂದಿನ ವರ್ಷ ಅದೂ ಇರಲಿಲ್ಲ. ಎರಡು ಕಂಪನಿಗಳ ನಡುವೆ ಮಾರಾಟವಿಲ್ಲ, ಖರೀದಿಯಿಲ್ಲ, ಬಾಕಿಯಿಲ್ಲ. ವಾರಗಟ್ಟಲೆ ತಲೆ ತಿನ್ನುತ್ತಿದ್ದ ಲೆಕ್ಕ ಊಟದ ಹೊತ್ತಿಗೆ ಮುಗಿದುಹೋಯಿತು. ಇಷ್ಟು ಸಲೀಸಾದ ಲೆಕ್ಕವನ್ನು ನಾನು ಇನ್ನೊಮ್ಮೆ ಮೊದಲಿನಿಂದ ಕೂಡಿ ನೋಡಿದೆ.

ಸಹಿಗೆ ಒಯ್ದಾಗ ಸಾವ್ಕಾರರು ತಮ್ಮ ಲಾಭ ಕೇಳಲಿಲ್ಲ. ಕನ್ನಡಕ ಏರಿಸಿಕೊಂಡು, "ತಂಗಿ ಸಾಲು ಯಾವುದವ್ವಾ?" ಅಂದರು. ತೋರಿಸಿದೆ. ಹಿಂದಿನ ವರ್ಷಕ್ಕಿಂತ ಹೆಚ್ಚಾಗಿತ್ತು. ಅದರ ಮೇಲೆ ಕಣ್ಣಿಟ್ಟುಕೊಂಡೇ ಕೂತರು.

"ಆರಾಮ ಅದಾಳೇನು?"

"ಲಾಭದಾಗ ಅದಾರ್ರಿ."

"ಅದಲ್ಲವ್ವಾ ನಾ ಕೇಳಿದ್ದು."

ಇಷ್ಟು ವರ್ಷದ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು. "ಅದು ಈ ಹಾಳಿಯಾಗ ಬರೋದಿಲ್ರಿ ಸಾವ್ಕಾರ್ರ. ಹಗರಿಬೊಮ್ಮನಹಳ್ಳಿಗೆ ಬಸ್ಸು ಬೇಕಾದಷ್ಟು ಅದಾವ. ಹೋಗಿ ಕೇಳ್ರಿ" ಅಂದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಪುಟ ತಿರುವಿ, ಮುಂದಿನ ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದರು.